ಒಂದೇ ಫಲಿತಾಂಶ, ಎರಡು ಫೈಲು

ಸರ್ಕಾರಿ ನೇಮಕಾತಿಗೆ ನನ್ನ ವಯಸ್ಸು ಮೀರಿಹೋದ ವರ್ಷ, ಹಿರೇಕೆರೂರಿನ ಹೊರಗಿನ ಒಂದು ವಸತಿ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿಯಿದೆ ಎಂದು ತಿಳಿಯಿತು. ನಾನಾಗ ಶಿಗ್ಗಾಂವಿ ತಾಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದೆ. ಅಲ್ಲಿ ಹತ್ತು ತಿಂಗಳಿಗೆ ಮಾತ್ರ ಸಂಬಳ. ಬೇಸಿಗೆ ರಜೆ ಬಂತೆಂದರೆ ಮಕ್ಕಳು ಕುಣಿಯುತ್ತಿದ್ದರು, ನಾನೂ ಅವ್ವನೂ ಜೋಳದ ಚೀಲದೊಳಗೆ ಇಣುಕುತ್ತಿದ್ದೆವು. ಹೊಸ ಶಾಲೆಯಲ್ಲಿ ವರ್ಷವಿಡೀ ಸಂಬಳ, ಇರಲು ಮನೆ. ಇದು ತಪ್ಪಿದರೆ ಇನ್ನೊಂದು ಸಿಗುವ ವಯಸ್ಸು ನನ್ನದಲ್ಲ.

ಅರ್ಜಿಯ ಜೊತೆ ಪ್ರೊಫೈಲ್ ಕೇಳಿದ್ದರು. ಹತ್ತನೇ ತರಗತಿಯ ನನ್ನ ಗಣಿತದ ಫಲಿತಾಂಶಗಳನ್ನು ವರ್ಷವಾರು ಬರೆದೆ. ಧ್ವಜಕಂಬದ ನೆರಳು ಅಳೆಸಿ ತ್ರಿಕೋನಮಿತಿ ಕಲಿಸಲು ನಾನೇ ಮಾಡಿದ್ದ ಅಭ್ಯಾಸದ ಹಾಳೆಗಳನ್ನು ಲಗತ್ತಿಸಿದೆ. ಹಿಂದಿನ ತರಗತಿಯ ಪಾಠ ಎಷ್ಟು ಬರುತ್ತದೆಂದು ನೋಡುವ ಜೂನ್ ತಿಂಗಳ ಸೇತುಬಂಧದ ಪೂರ್ವಪರೀಕ್ಷೆಯಲ್ಲಿ ಯಾವ ಮಗು ಎಲ್ಲಿತ್ತು, ಹತ್ತನೇ ತರಗತಿಗೆ ಬರುವಾಗ ಎಲ್ಲಿಗೆ ಬಂತು ಎಂಬುದನ್ನೂ ತೋರಿಸಿದೆ. ಎಂಟನೇ ತರಗತಿಗೆ ಬಂದಾಗ ದಶಕ ಎರವಲು ಪಡೆದು ಕಳೆಯಲು ಬಾರದ ಹುಡುಗಿಯೊಬ್ಬಳು ನನ್ನ ಕೈಯಲ್ಲಿ ಹತ್ತನೇ ತರಗತಿ ಪಾಸಾಗಿದ್ದಳು. ಅವಳ ಉತ್ತರಪತ್ರಿಕೆ ಜೋಡಿಸುವಾಗ ನನಗೆ ಜಂಬವೇ ಬಂದಿತ್ತು.

ಸಂದರ್ಶನದ ದಿನ ಮೊದಲು ಪಾಠ ಮಾಡಿಸಿದರು. ಮಕ್ಕಳು ತಾವಾಗಿ ಪ್ರಶ್ನೆ ಕೇಳಿದರು; ಪಾಠ ಚೆನ್ನಾಗಿಯೇ ಆಯಿತು. ಆಮೇಲೆ ಪ್ರಾಂಶುಪಾಲರು ಕೋಣೆಗೆ ಕರೆದು ಮೇಜಿನ ಮೇಲೆ ಎರಡು ಫೈಲು ಬಿಚ್ಚಿಟ್ಟರು. ಒಂದು ನನ್ನದು. ಇನ್ನೊಂದರಲ್ಲೂ ಅದೇ ಶಾಲೆ, ಅದೇ ವರ್ಷಗಳು, ಅದೇ ಫಲಿತಾಂಶ. ಧ್ವಜಕಂಬದ ಹಾಳೆಗಳೂ ಇದ್ದವು, ನನ್ನದೇ ಅಕ್ಷರದಲ್ಲಿ.

ಆ ಫೈಲು ನಮ್ಮ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳ ಸೊಸೆಯದು. ಆಕೆ ಬಿ.ಎಡ್. ಮುಗಿಸಿದಂದಿನಿಂದ ಶಿಕ್ಷಣ ಇಲಾಖೆಗೆ ಹೋಗುವ ವೇಳಾಪಟ್ಟಿಯಲ್ಲಿ ಹತ್ತನೇ ತರಗತಿಯ ಗಣಿತ ಆಕೆಯ ಹೆಸರಿಗೆ, ಕೆಳಗಿನ ತರಗತಿಗಳು ನನ್ನ ಹೆಸರಿಗೆ. ತಪಾಸಣೆಯ ದಿನ ಬಿಟ್ಟರೆ ಆಕೆ ಶಾಲೆಯಲ್ಲಿ ಕಂಡದ್ದು ಧ್ವಜವಂದನೆಗೆ ಮಾತ್ರ. ನಾನು ಮಾಡಿದ ಹಾಳೆಗಳ ಒಂದು ಪ್ರತಿ ಆಫೀಸಿನಲ್ಲಿರಬೇಕೆಂಬುದು ಕಾರ್ಯದರ್ಶಿಗಳ ಕಟ್ಟಪ್ಪಣೆ. ಗಂಡ ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರಕ್ಕಿಳಿದಿದ್ದರಿಂದ ಆಕೆಗೂ ಇದೇ ಊರು ಬೇಕಾಗಿತ್ತು.

“ಇಬ್ಬರೊಳಗ ಒಬ್ಬರು ಸುಳ್ಳು ಹೇಳಾಕತ್ತೀರಿ,” ಎಂದರು ಪ್ರಾಂಶುಪಾಲರು.

“ಪಾಠ ಮಾಡಿದಾಕಿ ನಾನರಿ, ಹಾಳಿ ಮ್ಯಾಲಿನ ಅಕ್ಷರಾನೂ ನಂದ. ಬೇಕಾದ್ರ ಮಕ್ಕಳನ್ನ ಕೇಳ್ರಿ.”

“ಮಕ್ಕಳನ್ನ ಕೇಳಿ ನೌಕರಿ ಕೊಡಾಕ ಬರ್ತೈತೇನ್ರಿ?”

ಅವರು ನನ್ನೆದುರಿಗೇ ನಮ್ಮ ಮುಖ್ಯೋಪಾಧ್ಯಾಯರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ನನ್ನ ತರಗತಿಯ ಹೊರಗೆ ನಿಂತು ಪಾಠ ಕೇಳಿ ಎಷ್ಟೋ ಸಲ ಬೆನ್ನು ತಟ್ಟಿದ ಹಿರಿಯರು ಅವರು. ನನಗೆ ಧೈರ್ಯ ಬಂತು.

“ದಾಖಲೆದಾಗ ಕಾರ್ಯದರ್ಶಿಗಳ ಸೊಸಿಯವರ ಹೆಸರು ಐತ್ರಿ,” ಎಂದರು ಅವರು.

“ದಾಖಲೆ ಇರ್ಲಿ. ಪಾಠ ಮಾಡಿದವರು ಯಾರ್ರಿ?”

ಆ ಕಡೆ ಶಾಲೆಯ ಗಂಟೆ ಬಾರಿಸಿದ್ದು ಕೇಳಿಸಿತು. “ದಾಖಲೆದಾಗ ಇದ್ದಂಗ ನಾ ಹೇಳಬೇಕಲ್ರಿ,” ಎಂದು ಫೋನಿಟ್ಟರು.

ಪ್ರಾಂಶುಪಾಲರು ನನ್ನ ಫೈಲನ್ನು ಮಡಚಿ ನನ್ನ ಕಡೆಗೆ ಸರಿಸಿದರು. ಪಾಠ ಮಾಡಿದ್ದು ಯಾರೆಂದು ಅವರಿಗೆ ಗೊತ್ತಾಗಿತ್ತು; ಅವರ ಮುಖವೇ ಹೇಳುತ್ತಿತ್ತು. ಆದರೂ ಸರಿಸಿದರು. ಹಾವೇರಿಯ ಬಸ್ಸಿನಲ್ಲಿ ಕೂತು ಫೈಲು ಮಡಿಲಲ್ಲಿಟ್ಟುಕೊಂಡು ಅತ್ತೆ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟಿಗೆ.

ಅವ್ವ ಎಲ್ಲ ಕೇಳಿ, “ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನಿ ಆತು ಬಿಡವ್ವಾ. ಉಣ್ಣು ಬಾ,” ಎಂದಳು. ಮರುದಿನ ಮುಖ್ಯೋಪಾಧ್ಯಾಯರು ನನ್ನ ಮುಖ ನೋಡದೆ, “ನನಗೂ ಹೊಟ್ಟಿ ಐತವ್ವಾ,” ಎಂದರು. ನನಗೂ ಇದೆಯಲ್ಲ ಸರ್ ಎನ್ನಬೇಕೆನಿಸಿತು. ತರಗತಿಗೆ ಹೋದೆ.

ಸೊಸೆಗೆ ಕೆಲಸವಾಯಿತು. ಜುಲೈ ತಿಂಗಳಲ್ಲಿ ಒಂದು ಸಂಜೆ ಆಕೆಯ ಫೋನು ಬಂತು.

“ಅಕ್ಕಾರ, ಆ ಧ್ವಜಕಂಬದ ಹಾಳಿ ಹೆಂಗ ಹೇಳಿಕೊಡಬೇಕ್ರಿ? ಮಕ್ಕಳು ಕೇಳಾಕತ್ತಾರ, ನನಗ ತಿಳಿವಲ್ದು.”

ಫೋನು ಇಟ್ಟುಬಿಡಬೇಕೆನಿಸಿತು. ಅವತ್ತು ನನ್ನ ಪಾಠಕ್ಕೆ ಕೂತು ಪ್ರಶ್ನೆ ಕೇಳಿದ್ದ ಮಕ್ಕಳು ಕಣ್ಣಮುಂದೆ ಬಂದರು. ಹಲಗೆ ತೆಗೆದುಕೊಂಡು ಕಂಬ ಬರೆದೆ, ನೆರಳು ಬರೆದೆ, ಕೋನ ಗುರುತಿಸಿದೆ. ಅದರ ಫೋಟೋ ಕಳಿಸಿ, ಮೊದಲಿನಿಂದ ಹೇಳಿಕೊಡಲು ಶುರುಮಾಡಿದೆ. ಆ ಮಕ್ಕಳ ಫಲಿತಾಂಶವೂ ಆಕೆಯ ಹೆಸರಿಗೇ ಬರುತ್ತದೆ.