ಸಾರಿಗೆ ಬಂದ ಐದನೆಯ ರುಚಿ

ಹೃದಯ ಸೋತು ಅಕ್ಕನ ಕಾಲು ಊದಿಕೊಂಡ ಮೇಲೆ ಡಾಕ್ಟರು ಉಪ್ಪನ್ನು ಚಿಟಿಕೆಗೆ ಇಳಿಸಿದರು. ಚಾಮರಾಜಪೇಟೆಯ ಆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಡುಗೆ ನನ್ನ ಪಾಲಿಗೆ ಬಂತು. ಉಪ್ಪಿಲ್ಲದ ಸಾರನ್ನು ಅವಳು ಎರಡು ತುತ್ತಿಗೆ ಬಿಡುತ್ತಿದ್ದಳು. ಸೀರೆ ಮೈಮೇಲೆ ನಿಲ್ಲದಷ್ಟು ಇಳಿದುಹೋದಳು. ನನಗೆ ಭಯವಾಗತೊಡಗಿತು.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಯ ಹತ್ತಿರ ಹೋಗಿ ಗೋಳು ತೋಡಿಕೊಂಡೆ.

"ಉಮಾಮಿ ಕೇಳಿದೀರಾ ಸರ್? ಸಿಹಿ, ಹುಳಿ, ಉಪ್ಪು, ಕಹಿ ಆದ್ಮೇಲೆ ಐದನೇ ರುಚಿ. ಗ್ಲುಟಮೇಟ್ ಅಂತ ಒಂದಿದೆ, ನಾಲಿಗೆ ಅದನ್ನ ಹಿಡಿಯುತ್ತೆ. ಬಾಯಲ್ಲಿ ನೀರೂರುತ್ತೆ, ರುಚಿ ಸ್ವಲ್ಪ ಹೊತ್ತು ನಿಲ್ಲುತ್ತೆ."

"ನಮ್ಮಲ್ಲಿ ಆರು ರಸ ಇದೆಯಲ್ಲಮ್ಮ, ಖಾರ, ಒಗರು ಸೇರಿ" ಎಂದೆ. ವಾದ ಮಾಡುವುದು ನನ್ನ ಹುಟ್ಟುಗುಣ.

"ಖಾರ ರುಚಿಯಲ್ಲ ಸರ್, ಉರಿ. ಒಗರು ಬಾಯಿ ಹಿಡಿಯೋದು."

ಅದು ಯಾವುದರಲ್ಲಿ ಸಿಗುತ್ತದೆಂದು ಕೇಳಿದೆ. ಅಣಬೆ, ಹಳೇ ಚೀಸ್, ಸೋಯಾ ಸಾಸ್, ಒಣಮೀನು ಎಂದು ಹೇಳುತ್ತಾ ಹೋದಳು. ಸೋಯಾ ಸಾಸು, ಒಣಮೀನಿನಲ್ಲಿ ಉಪ್ಪೂ ಜಾಸ್ತಿ ಎಂದು ತಾನೇ ತಡೆದಳು. ಅಣಬೆಯನ್ನು ಅಕ್ಕ ಹೊಸಿಲು ದಾಟಿಸುವವಳಲ್ಲ. ಕೊನೆಗೆ ಉಳಿದದ್ದು ಟೊಮೆಟೊ. ರಕ್ತದ ರಿಪೋರ್ಟ್ ನೋಡಿ, ಅಕ್ಕ ಅದನ್ನು ತಿನ್ನಬಹುದು ಎಂದಳು.

"ದಿನಾ ಹಾಕ್ತೀನಲ್ಲ, ಬೀಜ ತೆಗೆದು" ಎಂದೆ. ಬೀಜ ಹೊಟ್ಟೆಗೆ ಹೋದರೆ ಕಲ್ಲಾಗುತ್ತದೆಂದು ನಮ್ಮ ಮನೆಯಲ್ಲಿ ಅದನ್ನು ಹಿಂಡಿ ಚೆಲ್ಲುವುದೇ ರೂಢಿ.

"ಅಯ್ಯೋ, ಆ ಬೀಜದ ಸುತ್ತ ಇರೋ ಲೋಳೆಯಲ್ಲೇ ಗ್ಲುಟಮೇಟ್ ಜಾಸ್ತಿ ಇರೋದು."

ಮರುದಿನ ಮಾರ್ಕೆಟ್ಟಿನಿಂದ ಕೆಂಪಗೆ ಕಳಿತ ಹಣ್ಣು ತಂದೆ. ಬೀಜ, ಲೋಳೆ ಸಮೇತ ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಬಾಡಿಸಿ, ಬೇಳೆಕಟ್ಟು ಸೇರಿಸಿದೆ. ಉಪ್ಪು ಅದೇ ಚಿಟಿಕೆ.

ಅಕ್ಕ ಮೊದಲ ತುತ್ತು ನುಂಗಿ ತಟ್ಟೆ ನೋಡಿದಳು. ಇನ್ನೊಂದು ತುತ್ತು ಉಂಡಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮೂರನೆಯ ತುತ್ತು ಕಲಸಿದ ಕೈ ಅಲ್ಲೇ ನಿಂತಿತು.

"ಡಾಕ್ಟರು ಏನಂದ್ರು?"

"ಯಾಕಕ್ಕ?"

"ಉಪ್ಪು ಹಾಕಿದೀಯ. ಅಮ್ಮನಿಗೂ ಕೊನೇಲಿ ಪಥ್ಯ ಬಿಡಿಸಿದ್ರು. ಇನ್ನೇನು, ತಿನ್ನಲಿ ಬಿಡಿ ಅಂದಿದ್ರು."

ಆಣೆ ಇಟ್ಟೆ. ಹಣ್ಣು ತೋರಿಸಿದೆ, ಗ್ಲುಟಮೇಟ್ ಎಂದೆ, ಲೋಳೆ ಎಂದೆ. ಹೇಳಿದಷ್ಟೂ ಸುಳ್ಳಿನಂತೆಯೇ ಕೇಳಿಸುತ್ತಿತ್ತು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು, ನನಗೆ ನೋವಾಗದಿರಲಿ ಎಂಬಂತೆ.

"ಸರಿ ಕಣೋ, ಇನ್ನೊಂದು ಸೌಟು ಬಡಿಸು" ಎಂದಳು.

ಅಂದು ಅಕ್ಕ ಹೊಟ್ಟೆ ತುಂಬ ಉಂಡಳು. ಕೈತೊಳೆದು ಬಂದು, "ಮೈಸೂರಿಗೆ ಫೋನ್ ಮಾಡು, ತಂಗಿ ಒಂದ್ಸಲ ಬಂದು ನೋಡ್ಕೊಂಡು ಹೋಗ್ಲಿ" ಎಂದಳು.