ಏಳೂವರೆ ಗ್ರಾಂ ತೂಗಿದ ಸೇತುವೆ

ನಮ್ಮ ಮನೆಯ ಊಟದ ಮೇಜು ಇಪ್ಪತ್ತೆರಡು ವರ್ಷ ನಮ್ಮದಾಗಿರಲಿಲ್ಲ. ಅದಕ್ಕೆ ಮರ ಆರಿಸಿದವನು ನಾನು, ಪಾಲಿಶ್ ಹಚ್ಚಿದವನೂ ನಾನು. ಅದರ ಮೇಲೆ ಠಿಕಾಣಿ ಹೂಡಿದ್ದು ಮಾತ್ರ ಆರನೇ ಏಳನೇ ಕ್ಲಾಸಿನ ಮಕ್ಕಳ ಕಾಗದದ ಸೇತುವೆಗಳು, ಬಾಲ ಕಿತ್ತುಹೋದ ಗಾಳಿಪಟಗಳು, ಮೂಗು ಜಜ್ಜಿಹೋದ ವಿಮಾನಗಳು. ನಾವಿಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಮನೆಗೆ ಬಂದವರು ಕಣ್ಣರಳಿಸಿ ನೋಡಿದರೆ ನಾನು ನನ್ನ ಹೆಂಡತಿಯತ್ತ ಬೆರಳು ತೋರಿಸುತ್ತಿದ್ದೆ.

ಆಕೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಮಕ್ಕಳ ಬಾಯಲ್ಲಿ ಆಕೆ 'ಕಾಗದದ ಮಿಸ್'. ನಾನು ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ, ಬೀರು, ಬಾಗಿಲುಗಳಿಗೆ ಪಾಲಿಶ್ ಹೊಡೆಯುವವನು. ನನ್ನ ಕೈಗೆ ಬಂದ ವಸ್ತು ಇನ್ನೂ ಐವತ್ತು ವರ್ಷ ಬಾಳಬೇಕು. ಆಕೆಯ ಕೈಗೆ ಬಂದದ್ದು ಶನಿವಾರದೊಳಗೆ ಮುರಿಯಲೇಬೇಕು. ಇಂಥ ಜೋಡಿಯನ್ನು ಯಾವ ಪುಣ್ಯಾತ್ಮ ಕೂಡಿಸಿದನೋ ಗೊತ್ತಿಲ್ಲ.

ಆಕೆಯ ಶನಿವಾರದ ತರಗತಿಯನ್ನು ನಾನು ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಎರಡು ಮೇಜುಗಳ ನಡುವೆ ಇಪ್ಪತ್ತು ಸೆಂಟಿಮೀಟರ್ ಸಂದು. ಅದರ ಮೇಲೆ ಒಂದು ಹಾಳೆ ಹಾಸಿ ಅದರ ಮೇಲೆ ಒಂದು ಕಬ್ಬಿಣದ ವಾಷರ್ ಬಿಲ್ಲೆ ಇಟ್ಟರೆ ಹಾಳೆ ನಡು ಬಾಗಿ ಕೆಳಗೆ ಬೀಳುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆ ಮಾಡಿ ಇಟ್ಟರೆ ಇಪ್ಪತ್ತು, ಮೂವತ್ತು ವಾಷರ್ ಹೊರುತ್ತದೆ. "ಕಾಗದ ಅದೇ, ತೂಕ ಅದೇ. ಹಾಗಾದ್ರೆ ಈ ಶಕ್ತಿ ಎಲ್ಲಿಂದ ಬಂತು?" ಎಂದು ಕೇಳಿ ಆಕೆ ಕಿಟಕಿಯ ಹೊರಗೆ ನೋಡುತ್ತ ನಿಲ್ಲುತ್ತಿದ್ದಳು. ಉತ್ತರ ಹೇಳುತ್ತಿರಲಿಲ್ಲ. ಗಾಳಿಪಟ ಗಿರಗಿರ ಸುತ್ತಿದರೆ ಬಾಲ ಉದ್ದ ಮಾಡಿ ಮತ್ತೆ ಹಾರಿಸು ಎನ್ನುವಳು. ವಿಮಾನ ಮೇಲೆದ್ದು ತಕ್ಷಣ ಮುಗ್ಗರಿಸಿದರೆ ಮೂಗಿಗೊಂದು ಕ್ಲಿಪ್ ಸಿಕ್ಕಿಸಿ ಅದೇ ಗೆರೆಯಿಂದ ಐದು ಸಲ ಎಸೆಯಲು ಹೇಳುವಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಹೇಗೆ ಗೊತ್ತಾಗಬೇಕು?

ಎಲ್ಲಕ್ಕಿಂತ ದೊಡ್ಡದು ಆಕೆಯ ನೀಲಿ ರಟ್ಟಿನ ಪುಸ್ತಕ. ಮುರಿದ ಪ್ರತಿಯೊಂದು ಸೇತುವೆಗೂ ಅದರಲ್ಲಿ ಒಂದು ಸಾಲು: ಮಾಡಿದವರು, ಹೊತ್ತ ಭಾರ, ಮುರಿದ ಜಾಗ, ಕಾರಣ. ಕಾರಣ ಬರೆಯದೆ ಆಕೆ ಪುಸ್ತಕ ಮುಚ್ಚುತ್ತಿರಲಿಲ್ಲ. ಕೆಲವೊಮ್ಮೆ ಆ ಒಂದು ಕಾರಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಒಲೆಯ ಮೇಲಿನ ಹಾಲನ್ನು ಉಕ್ಕಿಸಿ, ನನ್ನ ಹತ್ತಿರ ಬೈಸಿಕೊಳ್ಳುತ್ತಿದ್ದಳು.

ವರ್ಷಕ್ಕೊಮ್ಮೆ ಸುತ್ತಲಿನ ಆರು ಶಾಲೆಗಳು ಆಕೆಯ ಶಾಲೆಯಲ್ಲಿ ಸೇರಿ ಸೇತುವೆಯ ಪಂದ್ಯ ನಡೆಸುತ್ತವೆ. ಒಂದೇ ಹಾಳೆ, ಅಂಟಿಲ್ಲ, ಟೇಪಿಲ್ಲ. ನಿಯಮ ಬರೆದವಳು ನನ್ನಾಕೆ. ಹಲವು ವರ್ಷಗಳ ಹಿಂದೆ ಇನ್ನೊಂದು ಶಾಲೆಯ ಗಡ್ಡದ ಮೇಷ್ಟರ ಮಕ್ಕಳು ಎರಡು ಹಾಳೆಗಳನ್ನು ಜಾಣತನದಿಂದ ಒಂದು ಮಾಡಿ ತಂದು ಸಿಕ್ಕಿಬಿದ್ದಿದ್ದರು. ಆಕೆ ಮುಲಾಜು ನೋಡದೆ ಅವರನ್ನು ಪಂದ್ಯದಿಂದ ಹೊರಗಿಟ್ಟಳು. ಅಂದಿನಿಂದ ಗೆದ್ದ ಸೇತುವೆಯನ್ನು ತಕ್ಕಡಿಗಿಟ್ಟು ತೂಗದೆ ಬಹುಮಾನವಿಲ್ಲ. ಪಂದ್ಯಕ್ಕೆ ಕೊಡುವ ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್, ಅದರ ತೂಕ ಎಂಬತ್ತು ಗ್ರಾಂ; ಹಾಗಾಗಿ ಒಂದು ಹಾಳೆ ಐದು ಗ್ರಾಂ. ಈ ಲೆಕ್ಕ ನನಗೂ ಬಾಯಿಪಾಠವಾಗಿತ್ತು. ಇಷ್ಟೆಲ್ಲ ಗೊತ್ತಿದ್ದವನೇ ಮಾಡಿದ ಕೆಲಸ ಕೇಳಿ.

ಆ ವರ್ಷ ಇವರ ಶಾಲೆಯಿಂದ ನಿಂತದ್ದು 'ಇರುವೆ'. ಆರನೇ ಕ್ಲಾಸಿನ ಪುಟ್ಟ ಹುಡುಗಿ. ತನ್ನಷ್ಟೇ ಎತ್ತರದ ಚೀಲ ಹೊತ್ತು ಬರುತ್ತಿದ್ದುದಕ್ಕೆ ಆ ಹೆಸರು. ಹದಿನಾಲ್ಕು ಸೇತುವೆ ಮುರಿದುಕೊಂಡು ಹದಿನೈದನೆಯದನ್ನು ಮಾಡಿದ್ದಳು. ಹದಿನಾಲ್ಕನೆಯದು ನಲವತ್ತಾರು ವಾಷರ್ ಹೊತ್ತಿತ್ತು. ಇವರ ಶಾಲೆ ನಿಯಮ ಬರೆದದ್ದೇ ಬಂತು, ಒಂದು ವರ್ಷವೂ ಗೆದ್ದಿರಲಿಲ್ಲ. ಪಂದ್ಯಕ್ಕೆ ಎರಡು ದಿನವಿದೆ ಎನ್ನುವಾಗ ಮಳೆ ಹಿಡಿಯಿತು. ಶಾಲೆಯ ಬೀರುವಿನಲ್ಲಿ ತೇವ. ನನ್ನಾಕೆ ಆ ಸೇತುವೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದಳು.

"ಕಾಗದ ಗಾಳಿಯಲ್ಲಿರೋ ನೀರನ್ನೂ ಕುಡಿಯುತ್ತೆ ರೀ. ಮೆತ್ತಗಾದ್ರೆ ಆ ಮಗುವಿನ ಕಷ್ಟವೆಲ್ಲ ನೀರುಪಾಲು. ನಿಮ್ಮ ಕೋಣೆ ಒಣಗಿದೆ, ಅಲ್ಲಿಡಿ. ಮುಟ್ಬೇಡಿ," ಎಂದಳು.

"ನಾನ್ಯಾಕೆ ಮುಟ್ಲಿ, ನನಗೇನು ಹುಚ್ಚಾ?" ಎಂದೆ.

ಮಾರನೆಯ ದಿನ ಆಕೆ ಶಾಲೆಗೆ ಹೋದಾಗ ನಾನೊಂದು ಬಾಗಿಲಿಗೆ ಲ್ಯಾಕರ್, ಅಂದರೆ ಒಣಗಿದರೆ ಗಾಜಿನ ಹಾಗೆ ಗಟ್ಟಿಯಾಗುವ ಬಣ್ಣವಿಲ್ಲದ ಪಾಲಿಶ್, ಹೊಡೆಯುತ್ತಿದ್ದೆ. ಬಟ್ಟಲಲ್ಲಿ ಸ್ವಲ್ಪ ಉಳಿಯಿತು. ಡಬ್ಬಿ ತೆರೆದೆ. ಎಷ್ಟು ಚೆಂದದ ಮಡಿಕೆಗಳು ಅಂತೀರಿ, ಒಂದೊಂದೂ ಉಗುರಿನಿಂದ ತೀಡಿದ್ದು. ತೇವ ಹತ್ತಬಾರದು ಎಂದು ನನಗೆ ನಾನೇ ಹೇಳಿಕೊಂಡು, ಸಣ್ಣ ಬ್ರಷ್ಷಿನಲ್ಲಿ ಕೆಳಮೈಗೆ ಮಾತ್ರ ಹಚ್ಚಿದೆ. ಮೇಲ್ಮೈಗೆ ಹಚ್ಚಲಿಲ್ಲ, ಹೊಳೆದರೆ ಗೊತ್ತಾಗುತ್ತದಲ್ಲ. ಅದು ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿದೆ. ನಮ್ಮ ಮನೆಯಲ್ಲಿ ಯಾವಾಗಲೂ ಆ ವಾಸನೆಯೇ. ಆಕೆಯ ಮೂಗಿಗೆ ಅದು ಹೊಸದಲ್ಲ, ಡಬ್ಬಿ ಒಯ್ಯುವಾಗ ಗೊತ್ತಾಗಲಿಲ್ಲ. ತಕ್ಕಡಿಯ ನೆನಪು ಬರಲಿಲ್ಲವೇ ಎಂದರೆ, ಎರಡು ಕೋಟು ಲ್ಯಾಕರ್‌ಗೆ ಎಂಥ ತೂಕ ಅಂದುಕೊಂಡೆ. ನನ್ನ ಕಸುಬಿನಲ್ಲಿ ಬಾಗಿಲು ತೂಗಿ ನೋಡಿದವರು ಯಾರೂ ಇಲ್ಲ.

ಪಂದ್ಯದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗಡ್ಡದ ಮೇಷ್ಟರ ಶಾಲೆಯ ಸೇತುವೆ ಐವತ್ತೆರಡು ವಾಷರ್ ಹೊತ್ತು ಕುಸಿಯಿತು. ಕೊನೆಗೆ ಇರುವೆಯ ಸರದಿ. ಸೇತುವೆಯ ಮೇಲೆ ರಟ್ಟಿನ ತಟ್ಟೆ ಇಟ್ಟು ಅವಳು ಒಂದೊಂದೇ ವಾಷರ್ ಇಡತೊಡಗಿದಳು. ಐವತ್ಮೂರಕ್ಕೆ ಮಕ್ಕಳು ಕುಣಿದರು. ಅರವತ್ತು, ಎಪ್ಪತ್ತು, ತೊಂಬತ್ತು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ನನ್ನಾಕೆಯ ಮುಖ ಎಪ್ಪತ್ತಕ್ಕೇ ಇಳಿದಿತ್ತು. ಕಾಗದ ಸೋಲುವ ರೀತಿ ಆಕೆಗೆ ಗೊತ್ತು: ಮಡಿಕೆಗಳು ಮೆಲ್ಲಗೆ ಅಕ್ಕಪಕ್ಕಕ್ಕೆ ಸರಿಯುತ್ತವೆ, ನಡು ತಗ್ಗುತ್ತದೆ, ಆಮೇಲೆ ಕೂರುತ್ತದೆ. ಇದು ಜಗ್ಗಲೇ ಇಲ್ಲ. ನೂರ ಹನ್ನೆರಡಕ್ಕೆ ಟಕ್ಕೆಂದು ಸದ್ದು ಮಾಡಿ ಮುರಿಯಿತು.

ಆಕೆ ಅದನ್ನು ತಕ್ಕಡಿಗಿಟ್ಟಳು. ಏಳೂವರೆ ಗ್ರಾಂ. ಎತ್ತಿ ಕೆಳಮೈ ನೋಡಿದಳು, ಮೂಸಿದಳು. ಆಮೇಲೆ ತಲೆಯೆತ್ತಿ, ಅಷ್ಟು ಜನರ ನಡುವೆ, ನೇರವಾಗಿ ನನ್ನನ್ನು ನೋಡಿದಳು.

"ಇದು ಪಂದ್ಯಕ್ಕಿಲ್ಲ," ಎಂದಳು. "ಇದಕ್ಕೆ ಏನೋ ಹಚ್ಚಿದೆ."

"ನಾನೇನೂ ಹಚ್ಚಿಲ್ಲ ಮಿಸ್," ಎಂದಳು ಇರುವೆ. "ದೇವರಾಣೆ ಮಿಸ್."

"ನೀನಲ್ಲ ಮರಿ. ನೀನು ಕೊಟ್ಟಾಗ ಸರಿಯಾಗೇ ಇತ್ತು. ಎರಡು ದಿನ ಇದು ನನ್ನ ಹತ್ರ ಇತ್ತು."

ಗಡ್ಡದ ಮೇಷ್ಟರು ಎದ್ದರು. "ಅಂದ್ರೆ ನೀವೇ ಹಚ್ಚಿದ್ರಾ ಮೇಡಂ? ಇಷ್ಟು ವರ್ಷ ನಮ್ಗೆಲ್ಲ ನಿಯಮ ಹೇಳಿದ್ದು ನೀವೇ ಅಲ್ವಾ?"

ಆಗ ನಾನು ಏಳಬೇಕಿತ್ತು. ಎದ್ದು, "ಮೇಷ್ಟ್ರೇ, ಹಚ್ಚಿದವನು ನಾನು, ಆಕೆಗೆ ಗೊತ್ತಿಲ್ಲ," ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ಉಸಿರೆಳೆದುಕೊಂಡದ್ದೂ ನಿಜ. ಆದರೆ ಆ ಕೋಣೆಯಲ್ಲಿ ನನಗೆ ಪಾಲಿಶ್‌ಗೆಂದು ಬಾಗಿಲು, ಬೀರು ಕೊಡುವವರೇ ಹತ್ತು ಮಂದಿ ಇದ್ದರು; ಮಕ್ಕಳ ಆಟದಲ್ಲಿ ಕೈಯಾಡಿಸಿದವನು ಎಂದು ಅವರೆಲ್ಲ ಹಲ್ಲು ಕಿರಿಯುತ್ತಾರೆ ಅನ್ನಿಸಿತು. ಹೇಡಿ ಎನ್ನಿ, ಒಪ್ಪುತ್ತೇನೆ. ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ಒಳಗಿನಿಂದ ಆಕೆಯ ದನಿ ಕೇಳುತ್ತಿತ್ತು.

"ಸೇತುವೆ ನನ್ನ ವಶದಲ್ಲಿತ್ತು. ಜವಾಬ್ದಾರಿ ನನ್ನದೇ. ಗೆದ್ದಿದ್ದು ನಿಮ್ಮ ಶಾಲೆ."

ಮನೆಗೆ ಬಂದ ಮೇಲೆ ಆಕೆ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

"ತೇವಕ್ಕೆ ಹಾಳಾಗ್ಬಾರ್ದು ಅಂತ..." ಎಂದು ಶುರುಮಾಡಿದೆ.

"ಹಾಗಿದ್ರೆ ಕೆಳಗಡೆ ಮಾತ್ರ ಯಾಕೆ ಹಚ್ಚಿದ್ರಿ?"

ಆಗ ಇದ್ದದ್ದನ್ನು ಹೇಳಿದೆ. "ಒಂದು ಸಲನಾದ್ರೂ ನೀನು ಗೆಲ್ಲೋದನ್ನ ನೋಡ್ಬೇಕು ಅನ್ನಿಸ್ತು ಕಣೇ. ಇಪ್ಪತ್ತೆರಡು ವರ್ಷದಿಂದ ಮುರಿಯೋದನ್ನೇ ನೋಡಿದ್ದೀನಿ."

"ನಾನು ಗೆಲ್ಬೇಕು ಅಂತ ನಿಮ್ಗೆ ಯಾವತ್ತಾದ್ರೂ ಹೇಳಿದ್ನಾ?" ಎಂದಳು. ಆಮೇಲೆ, "ಹಚ್ಚಿದ್ದನ್ನ ಮರೀಬಹುದು ರೀ. ಪಾಲಿಶ್ ಡಬ್ಬಿ ಕಂಡ್ರೆ ನಿಮ್ಮ ಕೈ ಸುಮ್ನಿರಲ್ಲ, ನನಗೆ ಗೊತ್ತು. ಆದರೆ ಆ ಮನುಷ್ಯ ನನ್ನನ್ನ ಹಾಗೆ ಕೇಳ್ತಾ ಇದ್ದಾಗ ನೀವು ಎದ್ದು ಹೊರಗೆ ಹೋದ್ರಲ್ಲ. ಬಾಗಿಲು ದಾಟೋವರೆಗೂ ನಿಮ್ಮ ಬೆನ್ನನ್ನೇ ನೋಡ್ತಾ ಇದ್ದೆ," ಎಂದಳು.

ಸೋಮವಾರ ನಾನು ಶಾಲೆಗೆ ಹೋದೆ. ಇರುವೆಯ ಕ್ಲಾಸಿನ ಮುಂದೆ ನಿಂತು, ಹಚ್ಚಿದವನು ನಾನು, ನಿಮ್ಮ ಮಿಸ್‌ಗೆ ಏನೂ ಗೊತ್ತಿರಲಿಲ್ಲ, ತಪ್ಪಾಯಿತು ಎಂದೆ. ಆಮೇಲೆ ಗಡ್ಡದ ಮೇಷ್ಟರ ಶಾಲೆಗೂ ಹೋಗಿ ಹೇಳಿದೆ. ಅವರು ಹೆಂಡತಿಯನ್ನು ಉಳಿಸಲು ಬಂದಿದ್ದೀರಿ ಎಂದು ನಕ್ಕರು. ಎರಡು ದಿನ ತಡವಾದ ನಿಜಕ್ಕೆ ಅಷ್ಟೇ ಬೆಲೆ. ಕ್ಲಾಸಿನಲ್ಲಿ ಉಳಿದ ಮಕ್ಕಳು ನನ್ನ ಮಾತಿಗೆ ತಲೆಯಾಡಿಸಿದ್ದರು. ಇರುವೆ ಮಾತ್ರ ಎದ್ದು ನಿಂತು ಕೇಳಿದ್ದಳು.

"ಅವತ್ತೇ ಯಾಕೆ ಹೇಳ್ಲಿಲ್ಲ ಅಂಕಲ್?"

ಅವಳು ಜಗಳಕ್ಕೆ ಕೇಳಲಿಲ್ಲ. ಕಾರಣ ಗೊತ್ತಾಗಬೇಕಿತ್ತು, ಅಷ್ಟೇ; ನನ್ನಾಕೆಯ ಶಿಷ್ಯೆಯಲ್ಲವೇ.

ಮುಂದಿನ ಶನಿವಾರ ಇರುವೆ ಹದಿನಾರನೆಯ ಸೇತುವೆ ತಂದಳಂತೆ. ಮಿಸ್ ಕೈಗೆ ಕೊಡುವ ಮುಂಚೆ ತಕ್ಕಡಿಗಿಟ್ಟು, "ಐದು ಗ್ರಾಂ ಇದೆ ಮಿಸ್, ನೋಡ್ಕೊಳ್ಳಿ," ಎಂದು ಚೀಟಿಯಲ್ಲಿ ಬರೆದುಕೊಂಡಳಂತೆ. ವಾಪಸ್ಸು ತಗೊಳ್ಳುವಾಗ ಮತ್ತೊಮ್ಮೆ ತೂಗಿದಳಂತೆ. ಈಗ ಉಳಿದ ಮಕ್ಕಳೂ ಹಾಗೇ ಮಾಡುತ್ತಾರೆ. "ಒಳ್ಳೇದೇ, ತೂಗಿಯೇ ಕೊಡ್ಬೇಕು," ಎಂದು ಆಕೆ ನನಗೆ ಹೇಳಿದಳು. ಹೇಳುವಾಗ ಒಗೆದ ಬಟ್ಟೆ ಮಡಿಸುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಈಗ ನಮ್ಮ ಊಟದ ಮೇಜು ಖಾಲಿ. ಒಂದು ಸೇತುವೆಯಿಲ್ಲ, ಒಂದು ಗಾಳಿಪಟವಿಲ್ಲ. ಎಲ್ಲ ಶಾಲೆಯ ಬೀರುವಿನಲ್ಲಿ ಬೀಗದ ಹಿಂದೆ. ತೇವವಾದರೂ ಅಲ್ಲೇ. ನಾವು ಎದುರುಬದುರು ಕೂತು, ತಟ್ಟೆ ಮೇಜಿನ ಮೇಲಿಟ್ಟುಕೊಂಡು, ನಾಲ್ಕು ಜನರ ಹಾಗೆ ಉಣ್ಣುತ್ತೇವೆ. ಇಪ್ಪತ್ತೆರಡು ವರ್ಷ ನಾನು ಗೊಣಗಿದ್ದು ಇದಕ್ಕೇ.

ಮೊನ್ನೆ ಆಕೆ ನೀಲಿ ರಟ್ಟಿನ ಪುಸ್ತಕವನ್ನು ಆ ಮೇಜಿನ ಮೇಲೆ ಮರೆತು ಹೋಗಿದ್ದಳು. ಆ ದಿನದ ಪುಟ ಹುಡುಕಿದೆ. ಮಾಡಿದವರು: ಇರುವೆ. ಹೊತ್ತ ಭಾರ: ಲೆಕ್ಕಕ್ಕಿಲ್ಲ. ಮುರಿದ ಜಾಗ: ನಡು. ಕಾರಣದ ಜಾಗದಲ್ಲಿ ಲ್ಯಾಕರ್ ಎಂದು ಬರೆದಿರುತ್ತಾಳೆ, ಇಲ್ಲವೇ ನನ್ನ ಹೆಸರಿರುತ್ತದೆ ಎಂದುಕೊಂಡಿದ್ದೆ. ಎರಡೂ ಇರಲಿಲ್ಲ. ತನ್ನ ದುಂಡಗಿನ ಅಕ್ಷರದಲ್ಲಿ ಆಕೆ ಬರೆದಿದ್ದಳು: 'ನಂಬಿ ಮನೆಗೆ ತಂದೆ.'