ಎರಡಕ್ಷರದ ರಕ್ತ

ನನ್ನ ಗಂಡನ ಮನೆಯವರಿಗೆ ತಮ್ಮ ರಕ್ತದ ಬಗ್ಗೆ ಭಾರಿ ಜಂಬ. ಗಂಡನದು ಎಬಿ ಪಾಸಿಟಿವ್ ಎಂದು ಗೊತ್ತಾದ ಮೇಲಂತೂ ಆ ಎರಡಕ್ಷರವನ್ನು ಹೆಸರಿನ ಮುಂದೆ ಹಾಕಿಕೊಳ್ಳುವುದೊಂದು ಬಾಕಿ. ನನ್ನದು ಓ ನೆಗೆಟಿವ್. ಅತ್ತೆಯ ಪ್ರಕಾರ ಅದರಲ್ಲಿ ಏನೂ ಇಲ್ಲ.

ಸೇಡಂನ ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶದ ಗಡ್ಡೆ ತೆಗೆಯಬೇಕಿತ್ತು. ತಿಂಗಳುಗಟ್ಟಲೆ ರಕ್ತ ಹೋಗಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ರಕ್ತ ಏರಿಸದೆ ಆಪರೇಷನ್ ಮಾಡುವಂತಿಲ್ಲ, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರಮ್ಮ. ರಕ್ತ ಕೇಂದ್ರದಲ್ಲಿ ಓ ನೆಗೆಟಿವ್ ಇರಲಿಲ್ಲ.

ಗಂಡ ಅಂಗಿಯ ತೋಳು ಮಡಚಿದರು. "ನಂದು ತಗೋರಿ. ಎನೂ ಅದ, ಬಿನೂ ಅದ. ಎಲ್ಲಾರಿಗೂ ನಡೀತದ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಇಷ್ಟೂ ಕಲಿಸಲಾಗಲಿಲ್ಲ. ಎಬಿ ಪಾಸಿಟಿವ್‌ನವರು ಯಾವ ಗುಂಪಿನವರ ಕೆಂಪು ಕಣಗಳನ್ನಾದರೂ ಪಡೆಯಬಹುದು; ತಮ್ಮವನ್ನು ಕೊಡುವುದು ಮಾತ್ರ ಎಬಿ ಪಾಸಿಟಿವ್‌ನವರಿಗೇ. ಎಲ್ಲರಿಂದ ಇಸಿದುಕೊಳ್ಳುವುದು, ತಮ್ಮವರಿಗಷ್ಟೇ ಕೊಡುವುದು: ಆ ಮನೆಗೆ ಹೇಳಿ ಮಾಡಿಸಿದ ಗುಂಪು. ನನ್ನ ಕಣಗಳ ಮೇಲೆ ಎ, ಬಿ, ಆರ್‌ಎಚ್ ಯಾವ ಗುರುತೂ ಇಲ್ಲ. ಅದಕ್ಕೇ ಗುಂಪು ನೋಡುವಷ್ಟು ಸಮಯವಿಲ್ಲದಾಗ ಯಾರಿಗಾದರೂ ಏರಿಸುತ್ತಾರೆ. ಆದರೆ ಎ, ಬಿ ಗುರುತಿನ ಕಣ ಒಳಬಂದರೆ ನನ್ನ ಮೈ ಅವನ್ನು ಒಡೆದುಹಾಕುತ್ತದೆ. ಆರ್‌ಎಚ್ ಗುರುತಿನದೂ ನನಗೆ ಆಗದು. ನನಗೆ ಓ ನೆಗೆಟಿವೇ ಬೇಕು.

"ಇಬ್ಬರು ಗಂಡಸು ಮಕ್ಕಳು ಅದಾರಲ್ಲ, ಅವರದು ತಗೋರಿ. ತಾಯಿ ರಕ್ತ ಮಕ್ಕಳಿಗಿ ಬರಂಗಿಲ್ಲೇನು?" ಎಂದರು ಅತ್ತೆ.

ಬರುತ್ತದೆ, ಅರ್ಧ. ನನ್ನಿಂದ ಮಕ್ಕಳಿಗೆ ಹೋಗುವುದು ಓ ಒಂದೇ. ಅವರಪ್ಪನಿಂದ ಎ ಇಲ್ಲವೇ ಬಿ ಬಂದೇ ಬರುತ್ತದೆ, ಬಂದು ಓ ಅನ್ನು ಮುಚ್ಚಿಬಿಡುತ್ತದೆ. ದೊಡ್ಡವನದು ಎ, ಸಣ್ಣವನದು ಬಿ. ನಾನು ಹೆತ್ತ ಮಕ್ಕಳೇ ನನಗೆ ಕೊಡುವಂತಿಲ್ಲ.

ಆ ಗುಂಪಿನವರು ನನಗೆ ಗೊತ್ತಿದ್ದವರು ಒಬ್ಬರೇ, ನನ್ನ ತಂಗಿಯ ಗಂಡ. ಆದಿತ್ಯನಗರದ ರಕ್ತದಾನ ಶಿಬಿರಗಳಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಟ್ಟವರು ನಾವು. ಬೇರೆ ಜಾತಿಯವರೆಂದು ಅತ್ತೆ ಅವರನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ಸಾಯುವ ಭಯ ನನಗೆ ನಿಜವಾಗಿಯೂ ಇತ್ತು. ನಾನೇ ಫೋನ್ ಮಾಡಿದೆ. ಅವರು ವಾಡಿಯಿಂದ ಬಂದು ಕೊಟ್ಟರು, ಅದೇ ಗುಂಪಿನ ಗೆಳೆಯನೊಬ್ಬನನ್ನೂ ಕರೆತಂದಿದ್ದರು. ಪರೀಕ್ಷೆ ಮುಗಿದು ಬ್ಯಾಗುಗಳು ಬಂದಾಗ ಅತ್ತೆ ಜಾತಿ ಕೇಳಲಿಲ್ಲ. ಆಪರೇಷನ್ ಸಸೂತ್ರವಾಗಿ ಆಯಿತು.

ಮನೆಗೆ ಬಂದ ಮೇಲೆ ತಂಗಿ, ಅವಳ ಗಂಡ ನನ್ನನ್ನು ನೋಡಲು ಬಂದರು. ಅತ್ತೆ ಅಂಗಳದಲ್ಲಿ ಎರಡು ಕುರ್ಚಿ ಹಾಕಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ಅವರ ಪಕ್ಕದ ಕಟ್ಟೆಯ ಮೇಲೆ ಕುಳಿತೆ.

"ಒಳಗ ಬಾ, ಗಾಳಿ ಭಾಳ ಅದ," ಎಂದರು ಅತ್ತೆ.

"ಇವರ ರಕ್ತ ನನ್ನ ಮೈಯಾಗ ಹರಿಲಿಕತ್ತದರಿ ಅತ್ತಿ," ಎಂದೆ. "ಅದು ಒಳಗ ಬಂದ್ರ ನಡೀತದೇನು, ಮೊದಲ ಹೇಳ್ರಿ."